ಸೈಕಲ್‌ಗೆ ಸೈಡ್ ಹೊಡೆಯುವುದು ಹೇಗೆ? ಎಡಬದಿಯ ಅಂದಾಜಿನಿಂದ ಕಾರಿನ ಬಾಗಿಲಿನವರೆಗೆ

ವಿಜಯಪುರದಲ್ಲಿ ನಮ್ಮ ಓಣಿಯ ನಾಲ್ಕೈದು ಮಂದಿಗೆ ಕಾರು ಕಲಿಸಿದ್ದೇನೆ. ಎಲ್ಲರೂ ಎಂಟು ಹಾಕುತ್ತಾರೆ, ರಿವರ್ಸ್ ಹಾಕುತ್ತಾರೆ, ಗಾಂಧಿ ಚೌಕದ ಗದ್ದಲದಲ್ಲೂ ಗಾಡಿ ಬಂದ್ ಮಾಡಿಕೊಳ್ಳದೆ ಹೊರಬರುತ್ತಾರೆ. ತಪ್ಪುವುದು ಒಂದೇ ಕಡೆ. ಮುಂದೆ ಸೈಕಲ್ ಬಂದಾಗ.

ತಪ್ಪುಗಳೂ ಅವೇ ಮೂರು. ಸೈಕಲ್‌ಗೆ ತೀರಾ ಹತ್ತಿರ ಹೋಗುತ್ತಾರೆ, ಆದರೆ ದೂರ ಇದ್ದೇವೆ ಅಂದುಕೊಂಡಿರುತ್ತಾರೆ. ಎದುರಿಗೆ ಗಾಡಿ ಬರುತ್ತಿದ್ದರೂ ನಡುವೆ ತೂರುತ್ತಾರೆ. ಇಷ್ಟೆಲ್ಲ ಮುಗಿಸಿ ಕಾರು ನಿಲ್ಲಿಸಿದ ಮೇಲೆ ಹಿಂದೆ ನೋಡದೆ ಬಾಗಿಲು ತೆಗೆಯುತ್ತಾರೆ. ಇದನ್ನೆಲ್ಲ ಬಾಯಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ, ಮರುದಿನ ಮತ್ತೆ ಅದನ್ನೇ ಮಾಡುತ್ತಾರೆ. ಹಾಗಾಗಿ ನಾನು ಮಾಡಿಸುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಮೊದಲನೆಯದು ಬರದೆ ಐದನೆಯದು ಬರುವುದಿಲ್ಲ.

## ಬೇಕಾಗುವ ಸಾಮಾನು

ಅಳತೆ ಟೇಪ್, ಒಂದು ಸೀಮೆಸುಣ್ಣ, ಸ್ಟ್ಯಾಂಡ್ ಇರುವ ಒಂದು ಸೈಕಲ್, ನೀರು ತುಂಬಿದ ಎರಡು ಬಾಟಲಿ, ಒಂದಿಷ್ಟು ಪೇಪರ್ ಟೇಪ್. ಜೊತೆಗೆ ಒಬ್ಬರು ಗೆಳೆಯರು, ಮತ್ತು ಯಾರೂ ಓಡಾಡದ ಒಂದು ಖಾಲಿ ಜಾಗ. ಹೊಸ ಬಡಾವಣೆಯ ಮನೆ ಕಟ್ಟದ ರಸ್ತೆ ಆದರೂ ನಡೆಯುತ್ತದೆ. ಆಟೊಮೊಬೈಲ್ ಅಂಗಡಿಯಲ್ಲಿ ಸಿಗುವ ಚಿಕ್ಕ ದುಂಡು ಕನ್ನಡಿ ಎರಡು ತಂದರೆ ಇನ್ನೂ ಒಳ್ಳೆಯದು. ಅವನ್ನು ಹೊರಗಿನ ಎರಡೂ ಕನ್ನಡಿಗಳ ಮೂಲೆಗೆ ಅಂಟಿಸಿ. ದೊಡ್ಡ ಕನ್ನಡಿಗೆ ಕಾಣದ ಸೈಕಲ್ ಅದರಲ್ಲಿ ಕಾಣುತ್ತದೆ.

## ಹಂತ 1: ಎಡಬದಿಯ ಒಂದೂವರೆ ಮೀಟರ್ ಕಣ್ಣಿಗೆ ಕಲಿಸಿ

ನಮ್ಮ ಕಾರಿನಲ್ಲಿ ಸ್ಟೇರಿಂಗ್ ಬಲಕ್ಕಿದೆ. ಸೈಕಲ್ ಇರುವುದು ಎಡಕ್ಕೆ. ಅಂದರೆ ಯಾವ ಬದಿ ನಿಮ್ಮ ಕಣ್ಣಿನಿಂದ ದೂರವೋ ಆ ಬದಿಯ ಅಂದಾಜೇ ಇಲ್ಲಿ ಬೇಕು. ಬಲಗಡೆಯ ಗೋಡೆ ಎಷ್ಟು ದೂರವಿದೆ ಅಂತ ಹೊಸಬರೂ ಸರಿಯಾಗಿ ಹೇಳುತ್ತಾರೆ. ಎಡಗಡೆ ಹಾಗಲ್ಲ. ಗೇರ್, ಪಕ್ಕದ ಸೀಟು, ಡ್ಯಾಶ್‌ಬೋರ್ಡ್ ಎಲ್ಲ ನಡುವೆ ಬರುತ್ತವೆ.

ಬಿಡಬೇಕಾದ ಅಂತರ ಕನಿಷ್ಠ 1.5 ಮೀಟರ್. ಹತ್ತಿರಹತ್ತಿರ 5 ಅಡಿ. ಜರ್ಮನಿಯಲ್ಲಿ ಊರೊಳಗೆ 1.5 ಮೀಟರ್, ಊರಾಚೆ 2 ಮೀಟರ್ ಅಂತ ಕಾನೂನೇ ಇದೆ. ನಾನು ಅದೇ ಅಳತೆ ಇಟ್ಟುಕೊಂಡಿದ್ದೇನೆ. ಇದನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು ಅನ್ನುವುದೇ ಮುಖ್ಯ: ಸೈಕಲ್ ಹ್ಯಾಂಡಲ್‌ನ ತುದಿಯಿಂದ ನಿಮ್ಮ ಎಡಗನ್ನಡಿಯ ಹೊರ ಅಂಚಿಗೆ. ಚಕ್ರದಿಂದ ಚಕ್ರಕ್ಕಲ್ಲ. ಸವಾರನ ಮೊಣಕೈಗೆ ಮೊದಲು ತಾಗುವುದು ಕನ್ನಡಿಯೇ.

ಈಗ ಸೈಕಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಹ್ಯಾಂಡಲ್‌ನ ಬಲತುದಿಯ ನೇರಕ್ಕೆ ನೆಲದ ಮೇಲೆ ಒಂದು ಗುರುತು ಹಾಕಿ. ಅಲ್ಲಿಂದ 1.5 ಮೀಟರ್ ಬಲಕ್ಕೆ ಅಳೆದು, ಕಾರು ಹೋಗುವ ದಿಕ್ಕಿನಲ್ಲೇ ಹತ್ತು ಹೆಜ್ಜೆ ಉದ್ದದ ಗೆರೆ ಎಳೆಯಿರಿ. ಆದರೆ ಕಾರು ಓಡಿಸುವವರು ಈ ಗೆರೆ ನೋಡಬಾರದು. ಮೊದಲು ಅಂದಾಜಿನ ಮೇಲೆ ಬಂದು, "ಒಂದೂವರೆ ಮೀಟರ್ ಆಯಿತು" ಅನಿಸಿದಲ್ಲಿ ನಿಲ್ಲಿಸಲಿ. ಕೆಳಗಿಳಿದು ಅಳೆಯಿರಿ. ನಾನು ಕಲಿಸಿದವರಲ್ಲಿ ಒಬ್ಬರೂ ಮೊದಲ ಸಲ ಸರಿ ನಿಲ್ಲಿಸಿಲ್ಲ. ನಮ್ಮ ಅಳಿಯ "ಎರಡು ಮೀಟರ್ ಇರಬೇಕು ಮಾಮಾ" ಅಂದ. ಟೇಪ್ ಹಿಡಿದರೆ 80 ಸೆಂಟಿಮೀಟರ್. ಅವನ ಮುಖ ನೋಡಬೇಕಿತ್ತು.

ಮುಂದೆ ಕನ್ನಡಿಯ ಅಂಚು ಸರಿಯಾಗಿ ಗೆರೆಯ ಮೇಲೆ ಬರುವಂತೆ ಕಾರು ನಿಲ್ಲಿಸಿ. ಸೀಟಿನಲ್ಲಿ ನೆಟ್ಟಗೆ ಕೂತು ಮುಂದೆ ನೋಡಿ. ನೆಲದ ಗೆರೆ ಗಾಜಿನ ಕೆಳಗಿನ ಅಂಚಿನ ಯಾವ ಜಾಗದಲ್ಲಿ ಮರೆಯಾಗುತ್ತದೋ ಅಲ್ಲಿ ಪೇಪರ್ ಟೇಪಿನ ಚಿಕ್ಕ ಚೂರು ಅಂಟಿಸಿ. ಇದು ನಿಮ್ಮ ಸೀಟಿಗೆ, ನಿಮ್ಮ ಎತ್ತರಕ್ಕೆ ಮಾತ್ರ ಸರಿ. ಮನೆಯಲ್ಲಿ ಬೇರೆಯವರು ಓಡಿಸಿದರೆ ಅವರ ಗುರುತು ಬೇರೆ.

ಕೊನೆಗೆ ಗೆರೆಯ ಎರಡು ತುದಿಗೆ ನೀರಿನ ಬಾಟಲಿ ಇಡಿ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬಾಟಲಿಗಳ ಬಲಗಡೆಯಿಂದ ದಾಟಿ ಹೋಗಿ. ಗೆಳೆಯರು ಸೈಕಲ್‌ನ ಆಚೆ ಬದಿಯಲ್ಲಿ, ದೂರ ನಿಂತು ನೋಡಲಿ. ಬಾಟಲಿ ಬಿದ್ದರೆ, ಇಲ್ಲವೇ ಕನ್ನಡಿ ಬಾಟಲಿಯ ಮೇಲೆ ಹಾದರೆ, ಮತ್ತೆ ಮಾಡಿ. ಐದು ಸಲ ಸತತ ಸರಿ ಬಂದ ಮೇಲೆ ರಸ್ತೆಗೆ ಇಳಿಯಿರಿ. ಟೇಪಿನ ಚೂರನ್ನು ಒಂದು ವಾರ ಬಿಟ್ಟು ಕಿತ್ತು ಹಾಕಿ. ಅಷ್ಟರಲ್ಲಿ ಕಣ್ಣು ಕಲಿತಿರುತ್ತದೆ.

## ಹಂತ 2: ಮೂರು ಗಾಡಿ ಒಂದು ರಸ್ತೆಯಲ್ಲಿ ಹಿಡಿಯುತ್ತವಾ, ಲೆಕ್ಕ ಹಾಕಿ

ಈ ಹಂತಕ್ಕೆ ಕಾರು ಬೇಡ. ಒಂದು ಹಾಳೆ ಸಾಕು.

ಎರಡು ಲೇನಿನ ರಸ್ತೆ ಅಂದರೆ ಲೆಕ್ಕದ ಪ್ರಕಾರ 7 ಮೀಟರ್ ಡಾಂಬರು. ನಡುವಿನ ಬಿಳಿ ಗೆರೆ 3.5 ಮೀಟರಿಗೆ ಬರುತ್ತದೆ. ಸೈಕಲ್ ಸವಾರ ಅಂಚಿನಿಂದ ಸುಮಾರು 60 ಸೆಂಟಿಮೀಟರ್ ಬಿಟ್ಟು ಹೋಗುತ್ತಿದ್ದಾನೆ ಅನ್ನಿ. ಅವನ ಹ್ಯಾಂಡಲ್ ತುದಿ 90 ಸೆಂಟಿಮೀಟರಿಗೆ ಬಂತು. ಅದಕ್ಕೆ 1.5 ಮೀಟರ್ ಸೇರಿಸಿ. 2.4 ಆಯಿತು. ನಿಮ್ಮ ಕಾರು ಕನ್ನಡಿ ಸೇರಿ ಸುಮಾರು 1.95 ಮೀಟರ್. ಒಟ್ಟು 4.35. ಅಂದರೆ ಸರಿಯಾಗಿ ಸೈಡ್ ಹೊಡೆದರೆ ನೀವು ನಡುಗೆರೆ ದಾಟಿ ಮುಕ್ಕಾಲು ಮೀಟರಿಗಿಂತ ಜಾಸ್ತಿ ಆಚೆ ಹೋಗಿರುತ್ತೀರಿ. ಎದುರಿನವರಿಗೆ ಉಳಿಯುವುದು 2.65 ಮೀಟರ್. ಬಸ್ಸಿನ ಅಗಲವೇ 2.6 ಮೀಟರ್ ತನಕ ಇರುತ್ತದೆ, ಕನ್ನಡಿ ಬಿಟ್ಟು.

ಹಾಗಾಗಿ ನಿಯಮ ಸರಳ. ಎರಡು ಲೇನಿನ ರಸ್ತೆಯಲ್ಲಿ ಎದುರಿಗೆ ಗಾಡಿ ಬರುತ್ತಿದ್ದರೆ ಸೈಕಲ್‌ಗೆ ಸೈಡ್ ಹೊಡೆಯುವಂತಿಲ್ಲ. ಜಾಗ ಇದ್ದಂತೆ ಕಾಣುತ್ತದೆ ನಿಜ. ಆ ಜಾಗವನ್ನು ಸೈಕಲ್‌ನವನ ಪಾಲಿನಿಂದ ಕದ್ದಿರುತ್ತೇವೆ ಅಷ್ಟೇ. ನಡುಗೆರೆ ಮುರಿಯದೆ ಉದ್ದಕ್ಕೂ ಎಳೆದಿದ್ದರೆ ಅಲ್ಲಿ ಗೆರೆ ದಾಟುವ ಮಾತೇ ಇಲ್ಲ.

ಇದರಿಂದ ಒಂದು ಒಳ್ಳೆಯ ಗುರುತೂ ಸಿಗುತ್ತದೆ. ಇಂಥ ರಸ್ತೆಯಲ್ಲಿ ಸರಿಯಾಗಿ ದಾಟುತ್ತಿದ್ದರೆ ನಡುವಿನ ಬಿಳಿ ಗೆರೆ ನಿಮ್ಮ ಎಡಗಾಲು ಮತ್ತು ಗೇರಿನ ನಡುವೆ ಕಾರಿನಡಿ ಹಾದುಹೋಗುತ್ತಿರುತ್ತದೆ. ಗೆರೆ ಇನ್ನೂ ನಿಮ್ಮ ಬಲಕ್ಕೇ ಇದ್ದರೆ ಸೈಕಲ್‌ಗೆ ಹತ್ತಿರವಿದ್ದೀರಿ. ಅಳತೆ ಟೇಪ್ ಬೇಡ, ಲೆಕ್ಕ ಬೇಡ, ಇದೊಂದು ಸಾಕು.

ಹಳ್ಳಿ ರಸ್ತೆಗಳಲ್ಲಿ ಡಾಂಬರು 3.75 ಮೀಟರ್ ಇದ್ದರೆ ಹೆಚ್ಚು. ಅಲ್ಲಿ ಲೆಕ್ಕವೇ ಕೂಡುವುದಿಲ್ಲ. ಬಲಗಡೆಯ ಎರಡು ಚಕ್ರ ಮಣ್ಣಿಗೆ ಇಳಿಸಿ ನಿಧಾನಕ್ಕೆ ಹೋಗಬೇಕು. ಮಣ್ಣು ಸರಿ ಇಲ್ಲದಿದ್ದರೆ ಮುಂದಿನ ಅಗಲ ಜಾಗದವರೆಗೆ ಹಿಂದೆಯೇ ಇರಬೇಕು. "ಸೈಕಲ್‌ನವನು ಕೆಳಗೆ ಇಳಿಯಲಿ ಬಿಡಿ" ಅನ್ನುವವರಿಗೆ ಒಂದು ಮಾತು. ನಮ್ಮದು ಎರಿ ನೆಲ. ಮಳೆ ಬಂದ ಮೇಲೆ ಆ ಮಣ್ಣಿಗೆ ಸೈಕಲ್ ಇಳಿಸಿದರೆ ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿ ಚಕ್ರವೇ ತಿರುಗುವುದಿಲ್ಲ. ಬೇಸಿಗೆಯಲ್ಲಿ ಡಾಂಬರಿನ ಅಂಚು ಮಣ್ಣಿಗಿಂತ ನಾಲ್ಕು ಬೆರಳು ಎತ್ತರ ನಿಂತಿರುತ್ತದೆ. ಇಳಿದ ಚಕ್ರ ಮತ್ತೆ ಹತ್ತುವಾಗ ಅಂಚಿಗೆ ಒರಸಿ ಸವಾರ ಬಲಕ್ಕೇ ಬೀಳುತ್ತಾನೆ. ಬಲಕ್ಕೆ ಅಂದರೆ ನಿಮ್ಮ ಚಕ್ರದ ಕಡೆಗೆ.

## ಹಂತ 3: ಸೈಕಲ್ ಮುಂದೇನು ಮಾಡುತ್ತದೆ ಅಂತ ಮೊದಲೇ ಓದಿ

ಸೈಕಲ್‌ಗೆ ಇಂಡಿಕೇಟರ್ ಇಲ್ಲ. ಆದರೆ ಸವಾರನ ಮೈಯೇ ಎಲ್ಲ ಹೇಳುತ್ತದೆ, ನೋಡುವವರಿಗೆ.

ತಲೆ ಬಲಕ್ಕೆ ಹೊರಳಿತು ಅಂದರೆ ಬಲಕ್ಕೆ ಬರುತ್ತಾನೆ. ಬರೀ ಹಿಂದೆ ನೋಡಿದರೂ ಸೈಕಲ್ ಒಂದು ಅಡಿ ಬಲಕ್ಕೆ ಜಾರುತ್ತದೆ. ಪೆಡಲ್ ನಿಂತಿತು ಅಂದರೆ ಮುಂದೇನೋ ಕಂಡಿದೆ: ಗುಂಡಿ, ನಾಯಿ, ಉಸುಕು. ಏರು ಬಂದಾಗ ಸೀಟಿನಿಂದ ಎದ್ದು ತುಳಿಯುತ್ತಿದ್ದರೆ ಸೈಕಲ್ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಅಲ್ಲಿ ಇನ್ನೂ ಅರ್ಧ ಮೀಟರ್ ಜಾಸ್ತಿ ಬಿಡಿ. ಸೈಕಲ್ ಎಷ್ಟು ನಿಧಾನವೋ ಓಲಾಟ ಅಷ್ಟು ಹೆಚ್ಚು. ವಯಸ್ಸಾದ ಕಾಕಾ ನಿಧಾನಕ್ಕೆ ಹೋಗುತ್ತಿದ್ದಾರೆ, ಸುಮ್ನೆ ದಾಟಿಬಿಡೋಣ ಅಂದುಕೊಳ್ಳುವುದು ಉಲ್ಟಾ ಲೆಕ್ಕ.

ಸೈಕಲ್‌ಗಳೆಲ್ಲ ಒಂದೇ ಅಗಲ ಅಂತಲೂ ತಿಳಿಯಬೇಡಿ. ಎರಡೂ ಕಡೆ ಹಾಲಿನ ಕ್ಯಾನ್ ಕಟ್ಟಿದ ಸೈಕಲ್ ಒಂದು ಮೀಟರ್ ಅಗಲ ಆಗುತ್ತದೆ. ಹಿಂದೆ ಹುಲ್ಲಿನ ಹೊರೆ ಇದ್ದರೆ ಸವಾರನಿಗೆ ಹಿಂದೇನೂ ಕಾಣುವುದೇ ಇಲ್ಲ. ಶಾಲೆ ಬಿಟ್ಟ ಹೊತ್ತಿಗೆ ಮೂವರು ಹುಡುಗಿಯರು ಸಾಲಾಗಿ ಮಾತಾಡುತ್ತ ಹೋಗುತ್ತಿದ್ದರೆ ಮೂವರನ್ನೂ ಒಂದೇ ಗಾಡಿ ಅಂತ ಎಣಿಸಿ. ಇಬ್ಬರನ್ನು ದಾಟಿ ಮೂರನೆಯವಳ ಪಕ್ಕ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ.

ಬೆಳಗಿನ ಜಾವ ವಿಜಯಪುರದ ಸುತ್ತಲಿನ ಹೆದ್ದಾರಿಗಳಲ್ಲಿ ರೇಸ್ ಸೈಕಲ್‌ನ ಹುಡುಗರು ಅಭ್ಯಾಸ ಮಾಡುತ್ತಿರುತ್ತಾರೆ. ಇವರದು ಬೇರೆ ಕಥೆ. ಸಮತಟ್ಟಾದ ರಸ್ತೆಯಲ್ಲಿ 35 ಕಿಲೋಮೀಟರ್ ವೇಗ ಸುಲಭವಾಗಿ ಮುಟ್ಟುತ್ತಾರೆ. ಸಾಮಾನ್ಯ ಸೈಕಲ್ ಅಂತ ತಿಳಿದು ಹೊರಟರೆ ದಾಟುವುದು ಮುಗಿಯುವುದೇ ಇಲ್ಲ. ಅಷ್ಟರಲ್ಲಿ ಎದುರಿಗೆ ಲಾರಿ ಬಂದಿರುತ್ತದೆ.

ಹಾರ್ನ್ ಬಗ್ಗೆ: ಹೊಡೆಯುವುದಾದರೆ 40-50 ಮೀಟರ್ ದೂರದಿಂದ, ಒಮ್ಮೆ, ಮೆಲ್ಲಗೆ. ಬೆನ್ನ ಹಿಂದೆ ಬಂದು ಹೊಡೆದರೆ ಸವಾರ ಬೆಚ್ಚಿ ಹಿಂದೆ ತಿರುಗುತ್ತಾನೆ. ತಿರುಗಿದರೆ ಏನಾಗುತ್ತದೆ ಅಂತ ಮೇಲೇ ಹೇಳಿದೆ.

## ಹಂತ 4: ಹಿಂದೆ ಇರುವುದನ್ನು ಕಲಿಯಿರಿ

ಜನ ಕಾಯುವುದಿಲ್ಲ, ಯಾಕಂದರೆ ಕಾಯುವ ಹೊತ್ತು ಬಹಳ ಉದ್ದ ಅನಿಸುತ್ತದೆ. ಒಂದು ಸಂದರ್ಭ ತೆಗೆದುಕೊಂಡು ಲೆಕ್ಕ ನೋಡೋಣ.

ಕಬ್ಬಿನ ಹಂಗಾಮು. ಜಮಖಂಡಿ ಕಡೆಯ ಎರಡು ಲೇನಿನ ರಸ್ತೆ. ನಿಮ್ಮ ಮುಂದೆ ಹಾಲಿನವರ ಸೈಕಲ್, ಗಂಟೆಗೆ 15 ಕಿಲೋಮೀಟರ್ ವೇಗ. ಎದುರಿಗೆ 100 ಮೀಟರ್ ದೂರದಲ್ಲಿ ಎರಡು ಟ್ರೇಲರ್ ಎಳೆಯುತ್ತ ಕಬ್ಬಿನ ಟ್ರ್ಯಾಕ್ಟರ್, ಅದು 20 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ನೀವು ವೇಗ ಇಳಿಸಿ ಸೈಕಲ್ ಹಿಂದೆ ಬಂದಿದ್ದೀರಿ.

ದಾಟಿದರೆ? ಸೈಕಲ್‌ಗಿಂತ 12 ಮೀಟರ್ ಹಿಂದಿನಿಂದ ಹೊರಟು 12 ಮೀಟರ್ ಮುಂದೆ ಹೋಗಬೇಕು. ಚೆನ್ನಾಗಿ ಎಕ್ಸಲರೇಟರ್ ಒತ್ತಿದರೂ ಸಾಮಾನ್ಯ ಕಾರಿಗೆ ಆರು ಸೆಕೆಂಡ್ ಮೇಲೆ ಬೇಕು. ಅಷ್ಟರಲ್ಲಿ ನೀವು 56 ಮೀಟರ್ ಹೋಗಿರುತ್ತೀರಿ, ಟ್ರ್ಯಾಕ್ಟರ್ 35 ಮೀಟರ್ ಬಂದಿರುತ್ತದೆ. ನೂರರಲ್ಲಿ ಉಳಿದದ್ದು 9 ಮೀಟರ್. ನೀವಿನ್ನೂ ಎಡಕ್ಕೆ ಮರಳಿಲ್ಲ. ಆಗ ಯಾರೇ ಆದರೂ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಾರೆ, ಸೈಕಲ್‌ಗೆ ಕಟ್ ಹೊಡೆಯುತ್ತಾರೆ. ಹಾಲಿನವರು ಮಣ್ಣಿಗೆ ಬೀಳುವುದು ಹೀಗೆ. ಕಾರು ತಾಗಿರುವುದೇ ಇಲ್ಲ. ಓಡಿಸಿದವನಿಗೆ ತಾನು ಬೀಳಿಸಿದೆ ಅಂತ ಗೊತ್ತೂ ಆಗಿರುವುದಿಲ್ಲ.

ಕಾದರೆ? ಟ್ರ್ಯಾಕ್ಟರ್ ಮತ್ತು ಸೈಕಲ್ ಎದುರುಬದುರು ಬಂದು ಕೊನೆಯ ಟ್ರೇಲರ್ ದಾಟಲು ಸುಮಾರು 12 ಸೆಕೆಂಡ್. ಅಷ್ಟು ಹೊತ್ತು 50ರ ಬದಲು 15ರ ವೇಗದಲ್ಲಿ ಹೋಗಿದ್ದಕ್ಕೆ ನಿಮಗಾದ ನಷ್ಟ ಎಂಟೊಂಬತ್ತು ಸೆಕೆಂಡ್. ಚಾ ಆರುವುದಕ್ಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ಎದುರಿಗೆ ಬರುತ್ತಿರುವುದು 80ರ ವೇಗದ ಕಾರಾದರೆ ಇದೇ ಆರು ಸೆಕೆಂಡಿನಲ್ಲಿ ಅದು 140 ಮೀಟರ್ ಬಂದಿರುತ್ತದೆ. ಅಂದರೆ 200 ಮೀಟರ್ ಖಾಲಿ ಇದ್ದರೂ ಮುಗಿಯಿತು, ಮಿಕ್ಕಿದ್ದೇನಿಲ್ಲ. ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಚಿಕ್ಕ ಕಲ್ಲು ಇರುತ್ತದೆ. ಎರಡು ಕಲ್ಲಿನ ನಡುವಿನ ದೂರವನ್ನು ಒಮ್ಮೆ ಕಣ್ತುಂಬ ನೋಡಿಕೊಳ್ಳಿ. ಅದರ ಒಂದೂವರೆ ಪಟ್ಟು ಖಾಲಿ ಕಾಣದಿದ್ದರೆ ಸೈಕಲ್ ಹಿಂದಿನ ನಿಧಾನದ ವೇಗದಿಂದ ದಾಟಲು ಹೊರಡಬೇಡಿ. ತಿರುವು, ದಿನ್ನೆ, ಸೇತುವೆಯ ಏರು ಇದ್ದರೆ ಅಷ್ಟು ಕಾಣುವುದೇ ಇಲ್ಲ.

ಕಾಯುವಾಗ ಎಲ್ಲಿರಬೇಕು ಅನ್ನುವುದಕ್ಕೂ ಕ್ರಮ ಇದೆ. ಎರಡು ಕಾರಿನ ಉದ್ದ ಹಿಂದಿರಿ, ಎರಡನೇ ಗೇರಿಗೆ ಬನ್ನಿ. ಸೈಕಲ್‌ನ ನೇರ ಹಿಂದೆ ಅಲ್ಲ, ನಿಮ್ಮ ಲೇನಿನ ಒಳಗೇ ಸ್ವಲ್ಪ ಬಲಕ್ಕೆ. ಮುಂದಿನ ರಸ್ತೆ ಕಾಣುತ್ತದೆ, ಹಿಂದಿನಿಂದ ಬರುವ ಬೈಕ್‌ನವರಿಗೆ ನಡುವೆ ತೂರಲು ಜಾಗವೂ ಸಿಗುವುದಿಲ್ಲ. ಎಂಜಿನ್ ಗರ್ ಅನ್ನಿಸಬೇಡಿ. ಹಿಂದಿನ ಗಾಡಿ ಹಾರ್ನ್ ಹೊಡೆಯುತ್ತದೆ, ಹೊಡೆಯಲಿ. ಅವರಿಗೆ ಸೈಕಲ್ ಕಾಣುತ್ತಿಲ್ಲ, ನೀವು ಕಾಣುತ್ತಿದ್ದೀರಿ ಅಷ್ಟೇ.

## ಹಂತ 5: ದಾಟುವುದು

ಇಷ್ಟು ಆದ ಮೇಲೆ ದಾಟುವುದು ಚಿಕ್ಕ ಕೆಲಸ. ಕ್ರಮ ಇದು.

1. ಒಳಗನ್ನಡಿ ನೋಡಿ, ಬಲಗನ್ನಡಿ ನೋಡಿ, ಆಮೇಲೆ ಬಲ ಭುಜದ ಮೇಲಿಂದ ಒಮ್ಮೆ ನೋಡಿ. ನಿಮ್ಮನ್ನೇ ದಾಟಲು ಹೊರಟ ಬೈಕ್ ಅಲ್ಲಿರುತ್ತದೆ.

2. ಬಲ ಇಂಡಿಕೇಟರ್ ಹಾಕಿ. ಎರಡು ಕಾರಿನ ಉದ್ದ ಹಿಂದಿರುವಾಗಲೇ ಬಲಕ್ಕೆ ಸರಿಯಿರಿ. ಸೈಕಲ್‌ನ ಹಿಂಚಕ್ರದ ಹತ್ತಿರ ಬಂದು ಬಳುಕುವುದು ಸಾಮಾನ್ಯ ತಪ್ಪು. ಸವಾರನಿಗೆ ಕಾರು ತನ್ನ ಮೇಲೇ ಬಂದ ಹಾಗೆ ಅನಿಸುತ್ತದೆ.

3. ಬಿಳಿ ಗೆರೆ ಎಡಗಾಲು ಮತ್ತು ಗೇರಿನ ನಡುವೆ ಬಂತಾ ನೋಡಿ. ಬಂದರೆ ನೇರ ಹೋಗಿ. ಸೈಕಲ್ ಪಕ್ಕ ಇರುವಾಗ ಸ್ಟೇರಿಂಗ್ ಅಲ್ಲಾಡಬಾರದು.

4. ದಾಟಿದ ಮೇಲೆ ಎಡಕ್ಕೆ ಅವಸರ ಬೇಡ. ಒಳಗನ್ನಡಿಯಲ್ಲಿ ಸೈಕಲ್‌ನ ಮುಂಚಕ್ರ ಮತ್ತು ಅದರ ಕೆಳಗಿನ ರಸ್ತೆ ಎರಡೂ ಕಾಣಬೇಕು. ಆಗ ಎಡ ಇಂಡಿಕೇಟರ್, ಆಮೇಲೆ ನಿಧಾನಕ್ಕೆ ಲೇನಿಗೆ. ಎಡಗನ್ನಡಿ ನಂಬಬೇಡಿ. ಅದರ ಗಾಜು ಉಬ್ಬಿರುವುದರಿಂದ ಹತ್ತಿರದ್ದನ್ನೂ ದೂರ ತೋರಿಸುತ್ತದೆ.

ವೇಗ 60 ದಾಟಿದರೆ ಅಂತರ 2 ಮೀಟರ್ ಮಾಡಿ. ಲಾರಿ, ಬಸ್, ಟ್ರ್ಯಾಕ್ಟರ್ ಓಡಿಸುವವರಿಗೆ ಯಾವ ವೇಗದಲ್ಲೂ 2 ಮೀಟರ್. ದೊಡ್ಡ ಗಾಡಿ ಮೊದಲು ಸೈಕಲನ್ನು ಗಾಳಿಯಿಂದ ಆಚೆ ತಳ್ಳುತ್ತದೆ, ಬಾಲ ದಾಟುವಾಗ ಒಳಗೆ ಎಳೆಯುತ್ತದೆ. ಕೃಷ್ಣೆಯ ಮೇಲಿನ ಕೊರ್ತಿ-ಕೊಲ್ಹಾರ ಸೇತುವೆಯಂಥ ಜಾಗದಲ್ಲಿ ಇದು ಇನ್ನೂ ಜೋರು. ಅಲ್ಲಿ ಅಡ್ಡಗಾಳಿ ಬೀಸುವಾಗ ಸವಾರ ಗಾಳಿಯ ಕಡೆಗೆ ವಾಲಿಕೊಂಡೇ ತುಳಿಯುತ್ತಿರುತ್ತಾನೆ. ನಿಮ್ಮ ಗಾಡಿ ಒಂದು ಗಳಿಗೆ ಗಾಳಿಗೆ ಅಡ್ಡ ಬಂದರೆ ಅವನು ವಾಲಿದ ಕಡೆಗೇ, ಅಂದರೆ ನಿಮ್ಮ ಕಡೆಗೇ ಬರುತ್ತಾನೆ. ಉದ್ದ ಸೇತುವೆಯಲ್ಲಿ ಬಲದಿಂದ ಗಾಳಿ ಇದ್ದರೆ ಪೂರ್ತಿ ಆಚೆ ಲೇನಿಗೆ ಹೋಗಿಯೇ ದಾಟಿ, ಇಲ್ಲವೇ ದಾಟಲೇಬೇಡಿ.

ಕಬ್ಬಿನ ಟ್ರ್ಯಾಕ್ಟರ್‌ನವರು ಟ್ರೇಲರ್ ಅಗಲ ಅಳೆದರೆ ಸಾಲದು. ಹೊರಗೆ ಜೋತುಬಿದ್ದ ಕಬ್ಬಿನ ತುದಿಯಿಂದ ಅಳೆಯಿರಿ.

ರಾತ್ರಿ ಸೈಕಲ್ ಎದುರಿನಿಂದ ಬರುತ್ತಿದ್ದರೂ ಲೈಟ್ ಡಿಮ್ ಮಾಡಿ. ಕಣ್ಣು ಕುಕ್ಕಿದರೆ ಅವನಿಗೆ ಡಾಂಬರಿನ ಅಂಚು ಕಾಣುವುದಿಲ್ಲ.

## ಹಂತ 6: ಎಡಕ್ಕೆ ತಿರುಗುವುದಿದ್ದರೆ ದಾಟಲೇಬೇಡಿ

ಪೆಟ್ರೋಲ್ ಬಂಕ್, ಓಣಿ, ಮನೆಯ ಗೇಟು, ಯಾವುದೇ ಇರಲಿ. 50 ಮೀಟರ್ ಒಳಗೆ ನೀವು ಎಡಕ್ಕೆ ಹೊರಳಬೇಕಿದ್ದರೆ ಸೈಕಲ್ ಹಿಂದೆಯೇ ಇರಿ. ದಾಟಿ ತಿರುಗಿದರೆ ಅವನ ದಾರಿಗೆ ಗೋಡೆ ಕಟ್ಟಿದ ಹಾಗೆ. ಬ್ರೇಕ್ ಸರಿ ಇಲ್ಲದ ಹಳೇ ಸೈಕಲ್ ಆದರೆ ನೇರ ನಿಮ್ಮ ಎಡ ಬಾಗಿಲಿಗೇ ಬರುತ್ತದೆ.

## ಹಂತ 7: ನಿಲ್ಲಿಸಿದ ಕಾರುಗಳ ಸಾಲು ಮತ್ತು ಬಾಗಿಲು

ಇದನ್ನು ಕೊನೆಗೆ ಇಟ್ಟಿದ್ದೇನೆ, ಯಾಕಂದರೆ ಇಲ್ಲಿ ತಪ್ಪು ಮಾಡಿದವರಲ್ಲಿ ನಾನೂ ಒಬ್ಬ. ಪೇಟೆಯ ರಸ್ತೆಯಲ್ಲಿ ಒಂದು ಅಂಗಡಿ ಮುಂದೆ ಕಾರು ನಿಲ್ಲಿಸಿ, ಫೋನ್ ಕಿವಿಗಿಟ್ಟುಕೊಂಡೇ ಬಾಗಿಲು ತೆಗೆದೆ. ಹಿಂದಿನಿಂದ ಬಂದ ಹಾಲಿನವರು ಬಾಗಿಲಿಗೆ ಬಡಿಯಲಿಲ್ಲ. ತಪ್ಪಿಸಿಕೊಳ್ಳಲು ಬಲಕ್ಕೆ ಎಳೆದರು, ರಸ್ತೆಯ ನಡುವೆ ಬಿದ್ದರು. ಅವರ ಹಿಂದಿದ್ದ ಟಂಟಂನವ ಬ್ರೇಕ್ ಒತ್ತಿದ್ದು ಅವರ ತಲೆಯಿಂದ ಮೂರು ಅಡಿ ದೂರದಲ್ಲಿ. ಕ್ಯಾನಿನ ಮುಚ್ಚಳ ಉರುಳುತ್ತ ಹೋಗಿ ಗಟಾರಕ್ಕೆ ಬಿತ್ತು. ಎದ್ದು ನಿಂತವರು ಬೈಯಲೂ ಇಲ್ಲ. "ಸಾಹೇಬ್ರ, ಒಮ್ಮಿ ಹಿಂದ ನೋಡಿ ತೆಗೀಬಾರದೇನ್ರಿ?" ಅಂದರು ಅಷ್ಟೇ. ಹಾಲಿನ ದುಡ್ಡು ಕೊಟ್ಟೆ. ಆ ಮುಚ್ಚಳ ಮಾತ್ರ ಸಿಗಲಿಲ್ಲ.

ಬಾಗಿಲಿನ ಅಪಾಯ ಇರುವುದು ಹೀಗೇ. ಪೂರ್ತಿ ತೆರೆದ ಬಾಗಿಲು ಸುಮಾರು ಒಂದು ಮೀಟರ್ ರಸ್ತೆ ತಿನ್ನುತ್ತದೆ. ಸೈಕಲ್ 18 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 5 ಮೀಟರ್ ಬರುತ್ತದೆ. ಬಾಗಿಲು ಕಂಡು ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು, ನಿಲ್ಲಲು ಇನ್ನೂ ಮೂರು ನಾಲ್ಕು ಮೀಟರ್ ಬೇಕು. ಅಂದರೆ ಎಂಟೊಂಬತ್ತು ಮೀಟರ್ ಒಳಗಿರುವ ಸೈಕಲ್ ನಿಲ್ಲುವುದಕ್ಕೆ ಆಗುವುದೇ ಇಲ್ಲ. ಅದು ಬಾಗಿಲಿಗೆ ಬಡಿಯುತ್ತದೆ, ಇಲ್ಲವೇ ಬಲಕ್ಕೆ ಹೊರಳುತ್ತದೆ.

ನೀವು ಕಾರಿನ ಒಳಗಿದ್ದರೆ. ಎಂಜಿನ್ ಬಂದ್ ಮಾಡಿ. ಒಳಗನ್ನಡಿ ನೋಡಿ, ಬಲಗನ್ನಡಿ ನೋಡಿ. ಈಗ ಬಲಗೈಯಿಂದ ಅಲ್ಲ, ಎಡಗೈಯಿಂದ ಬಾಗಿಲಿನ ಹಿಡಿಕೆ ಎಳೆಯಿರಿ. ಮೊದಲು ವಿಚಿತ್ರ ಅನಿಸುತ್ತದೆ. ಆದರೆ ಎಡಗೈ ಬಲಕ್ಕೆ ಚಾಚಿದರೆ ಮೈ ತಾನೇ ಹೊರಳುತ್ತದೆ, ಕಣ್ಣು ಭುಜದ ಮೇಲಿಂದ ಹಿಂದೆ ಹೋಗುತ್ತದೆ. ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು ಹಿಡಿಯಿರಿ, ಸಂದಿಯಿಂದ ಇನ್ನೊಮ್ಮೆ ನೋಡಿ, ಆಮೇಲೆ ಇಳಿಯಿರಿ. ಆಷಾಢದಲ್ಲಿ ಬಾಗಿಲು ಬಿಡಲೇಬೇಡಿ. ಆ ಗಾಳಿ ನಿಮ್ಮ ಕೈಯಿಂದ ಕಿತ್ತುಕೊಂಡು ಪೂರ್ತಿ ತೆಗೆದುಬಿಡುತ್ತದೆ.

ಎಡಬದಿಯಲ್ಲಿ ಕೂತವರು ಬಲಗೈಯಿಂದ ತೆಗೆಯಬೇಕು. ಎಡಕ್ಕೆ ಯಾರು ಬರುತ್ತಾರೆ ಅನ್ನಬೇಡಿ. ಕಾರನ್ನು ಅಂಚಿನಿಂದ ಒಂದು ಮೀಟರ್ ದೂರ ನಿಲ್ಲಿಸಿದರೆ ಸೈಕಲ್‌ಗಳು ಆ ಸಂದಿಯಿಂದಲೇ ಬರುತ್ತವೆ. ಸಿಗ್ನಲ್‌ನಲ್ಲಿ ನಿಂತಾಗ "ಇಲ್ಲೇ ಇಳಿತೀನಿ" ಅಂತ ಇಳಿಯುವವರಿಂದ ಆಗುವುದೂ ಇದೇ. ಒಂದೋ ಅಂಚಿಗೆ ಒಂದು ಅಡಿಯೊಳಗೆ ನಿಲ್ಲಿಸಿ, ಇಲ್ಲವೇ ಪಕ್ಕದವರಿಗೆ "ತಡಿರಿ" ಅಂತ ಹೇಳಿ ಎಡಗನ್ನಡಿ ನೋಡಿಕೊಡಿ.

ನೀವು ಸೈಕಲ್ ಹಿಂದೆ ಕಾರು ಓಡಿಸುತ್ತಿದ್ದರೆ. ನಿಲ್ಲಿಸಿದ ಕಾರುಗಳ ಸಾಲಿನ ಪಕ್ಕ ಹೋಗುವ ಅನುಭವಿ ಸವಾರ ಆ ಕಾರುಗಳಿಂದ ಒಂದು ಮೀಟರ್ ದೂರ ಬಿಟ್ಟು ಹೋಗುತ್ತಾನೆ. ಹಿಂದಿನವರಿಗೆ ಅವನು ರಸ್ತೆ ನಡುವೆ ಹೋದಂತೆ ಕಾಣುತ್ತದೆ. ಹಾರ್ನ್ ಹೊಡೆದು ಅವನನ್ನು ಎಡಕ್ಕೆ ತಳ್ಳುತ್ತಾರೆ, ಸರಿಯಾಗಿ ಬಾಗಿಲು ತೆರೆಯುವ ಜಾಗಕ್ಕೆ. ಅಲ್ಲಿ ಹಾರ್ನ್ ಬೇಡ, ಓವರ್‌ಟೇಕೂ ಬೇಡ. ಸಾಲು ಮುಗಿಯುವವರೆಗೆ ಹಿಂದೆ ಇರಿ.

ಸಾಲಿನ ಕಾರುಗಳನ್ನೂ ನೋಡುತ್ತಿರಿ. ಈಗಷ್ಟೇ ನಿಂತ ಕಾರು, ಆಗತಾನೇ ಆರಿದ ಬ್ರೇಕ್ ಲೈಟ್, ಒಳಗೆ ಹತ್ತಿದ ಲೈಟ್, ಡ್ರೈವರ್ ಸೀಟಿನಲ್ಲಿ ತಲೆ. ಇವುಗಳಲ್ಲಿ ಒಂದು ಕಂಡರೂ ಆ ಬಾಗಿಲು ತೆರೆಯುತ್ತದೆ, ಮುಂದಿನ ಸೈಕಲ್ ಬಲಕ್ಕೆ ಬರುತ್ತದೆ ಅಂತಲೇ ತಿಳಿದು ಬ್ರೇಕ್ ಮೇಲೆ ಕಾಲಿಡಿ.

ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರೆ. ಅವರಿಗೆ ಎಷ್ಟು ಹೇಳಿದರೂ ಐಸ್‌ಕ್ರೀಮ್ ಅಂಗಡಿ ಕಂಡ ಕೂಡಲೇ ಬಾಗಿಲು ತೆಗೆಯುತ್ತಾರೆ. ಬಲ ಹಿಂಬಾಗಿಲು ತೆರೆದು ಅದರ ದಪ್ಪ ಅಂಚನ್ನು ನೋಡಿ. ಬೀಗದ ಹತ್ತಿರ ಒಂದು ಚಿಕ್ಕ ಗುಬುಟು ಇರುತ್ತದೆ, ಕೆಲವು ಕಾರಿನಲ್ಲಿ ಕೀಲಿ ತುದಿಯಿಂದ ತಿರುಗಿಸಬೇಕು. ಅದೇ ಚೈಲ್ಡ್ ಲಾಕ್. ಹಾಕಿದ ಮೇಲೆ ಬಾಗಿಲು ಮುಚ್ಚಿ, ನೀವೇ ಒಳಗೆ ಕೂತು ಹಿಡಿಕೆ ಎಳೆದು ನೋಡಿ. ತೆರೆದರೆ ಲಾಕ್ ಬಿದ್ದಿಲ್ಲ. ತೆರೆಯದಿದ್ದರೆ ಎಡಬಾಗಿಲಿನಿಂದ ಇಳಿದು ಬನ್ನಿ. ಇನ್ನು ಮೇಲೆ ಮಕ್ಕಳೂ ಅಲ್ಲಿಂದಲೇ ಇಳಿಯುತ್ತಾರೆ.